ಮೈಕಿನಲ್ಲಿ ಮೊಬೈಲಿನ ಗೊರಗೊರ: ಯಾವ ಪರಿಹಾರವನ್ನು ಯಾವಾಗ ಆರಿಸಬೇಕು

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಭಜನಾ ಮಂದಿರಗಳಲ್ಲಿ ತಾಳಮದ್ದಳೆ ಕೇಳಲು ಕುಳಿತವರಿಗೆ ಈ ಸದ್ದಿನ ಪರಿಚಯವಿದೆ. ಅರ್ಥಧಾರಿಯ ಮಾತು ಬಿಗಿಯಾಗುತ್ತಿರುವ ಹೊತ್ತಿನಲ್ಲಿ ಸ್ಪೀಕರಿನಿಂದ ‘ಟಟರ್ ಟಟರ್ ಟಟರ್’ ಎಂದು ಕತ್ತರಿಸಿದಂತಹ ಶಬ್ದ ಹೊರಡುತ್ತದೆ, ಅದು ಮುಂದುವರಿದು ಒಂದೇ ಸಮನೆ ಗೊರಗೊರ ಎನ್ನುತ್ತದೆ, ಮತ್ತು ಒಂದೆರಡು ಕ್ಷಣ ಕಳೆದ ಮೇಲೆ ಯಾರದೋ ಕಿಸೆಯ ಫೋನ್ ರಿಂಗಾಗುತ್ತದೆ. ಮನೆಯ ರೇಡಿಯೊದಲ್ಲಿ, ಟಿವಿಯ ಪಕ್ಕದ ಸ್ಪೀಕರಿನಲ್ಲಿ ಕೇಳುವ ಶಬ್ದವೂ ಇದೇ. ಇದಕ್ಕೆ ಪರಿಹಾರ ಕೇಳಿದರೆ ಒಬ್ಬರು ಕೇಬಲಿಗೆ ಫೆರೈಟ್ ಎಂಬ ಕಾಂತೀಯ ಉಂಗುರ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಅಲ್ಯೂಮಿನಿಯಂ ಹಾಳೆ ಸುತ್ತಿ ಎನ್ನುತ್ತಾರೆ, ಅಂಗಡಿಯವರು ಹೊಸ ಆಂಪ್ಲಿಫೈಯರ್ ತೋರಿಸುತ್ತಾರೆ. ಇವುಗಳಲ್ಲಿ ಪ್ರತಿಯೊಂದೂ ಒಂದು ಸಂದರ್ಭದಲ್ಲಿ ಕೆಲಸ ಮಾಡುತ್ತದೆ, ಬೇರೆ ಸಂದರ್ಭದಲ್ಲಿ ಹಣ ಮತ್ತು ಶ್ರಮ ಎರಡನ್ನೂ ವ್ಯರ್ಥ ಮಾಡುತ್ತದೆ. ಆದುದರಿಂದ ಮೊದಲು ಆ ಶಬ್ದ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿ, ಆ ಬಳಿಕ ಪರಿಹಾರಗಳನ್ನು ಒಂದಕ್ಕೊಂದು ಹೋಲಿಸುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಶಬ್ದ ಹುಟ್ಟುವ ಬಗೆ

2ಜಿ ಫೋನು ಮಾತನಾಡುವಾಗ ರೇಡಿಯೊ ತರಂಗವನ್ನು ನಿರಂತರವಾಗಿ ಕಳುಹಿಸುವುದಿಲ್ಲ. ಒಂದೇ ತರಂಗಾಂತರವನ್ನು ಎಂಟು ಮಂದಿ ಹಂಚಿಕೊಳ್ಳುವ ವ್ಯವಸ್ಥೆ ಅದು, 4.615 ಮಿಲಿಸೆಕೆಂಡಿನ ಒಂದು ಸುತ್ತಿನಲ್ಲಿ ಪ್ರತಿ ಫೋನಿಗೂ ಸಿಗುವುದು 0.577 ಮಿಲಿಸೆಕೆಂಡು ಮಾತ್ರ. ಆ ಅವಧಿಯಲ್ಲಿ ಫೋನು ತನ್ನ ಪೂರ್ತಿ ಶಕ್ತಿಯಿಂದ, 900 ಮೆಗಾಹರ್ಟ್ಸಿನಲ್ಲಿ 2 ವ್ಯಾಟಿನವರೆಗೆ, ಒಮ್ಮೆ ಸಿಡಿದು ಸುಮ್ಮನಾಗುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 217 ಸಲ ಸಿಡಿಯುತ್ತದೆ. 900 ಮೆಗಾಹರ್ಟ್ಸು ಯಾವ ಕಿವಿಗೂ ಕೇಳಿಸದು, ಆದರೆ ಸೆಕೆಂಡಿಗೆ 217 ಸಲ ಬರುವ ಹೊಡೆತ ಚೆನ್ನಾಗಿ ಕೇಳಿಸುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ಅದು ಬಿಳಿ ಆರರ 220 ಹರ್ಟ್ಸಿನ ಸ್ವರಕ್ಕಿಂತ ತುಸು ಕೆಳಗೆ ನಿಲ್ಲುವ ಕರ್ಕಶ ಸ್ವರ.

ಆ ಹೊಡೆತಗಳು ಆಂಪ್ಲಿಫೈಯರಿನೊಳಗೆ ಹೋಗುವುದು ತಂತಿಯ ಮೂಲಕ. ಯಾವುದೇ ತಂತಿ ತನ್ನ ಉದ್ದಕ್ಕೆ ಹೊಂದುವ ತರಂಗಕ್ಕೆ ಆಂಟೆನಾ ಆಗುತ್ತದೆ. 900 ಮೆಗಾಹರ್ಟ್ಸಿನ ತರಂಗದ ಕಾಲು ಭಾಗವೆಂದರೆ ಸುಮಾರು 8 ಸೆಂಟಿಮೀಟರು, ಆದ್ದರಿಂದ ಪೆಟ್ಟಿಗೆಯೊಳಗಿನ ಗೇಣಿಗಿಂತ ಚಿಕ್ಕ ತಂತಿಯೂ ಇದನ್ನು ಹಿಡಿಯಬಲ್ಲದು. ಹಾಗೆ ಹಿಡಿದದ್ದು ಮೊದಲ ಟ್ರಾನ್ಸಿಸ್ಟರಿಗೋ ಐಸಿಗೋ ತಲುಪಿದಾಗ ಅದರೊಳಗಿನ ಜಂಕ್ಷನ್ನು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನಂತೆ ವರ್ತಿಸಿ, ತರಂಗವನ್ನು ಕಳೆದು ಅದರ ಏರಿಳಿತವನ್ನಷ್ಟೇ ಉಳಿಸುತ್ತದೆ. ಆ ಏರಿಳಿತವೇ 217 ಹರ್ಟ್ಸಿನ ಗೊರಗೊರ. ಅದರ ಮುಂದಿನ ಹಂತಗಳು ಅದನ್ನು ಮಾತಿನಷ್ಟೇ ಪ್ರಾಮಾಣಿಕವಾಗಿ ದೊಡ್ಡದು ಮಾಡುತ್ತವೆ.

ಇಲ್ಲಿ ಒಂದು ಲೆಕ್ಕವನ್ನು ಗಮನದಲ್ಲಿ ಇರಿಸಿಕೊಂಡರೆ ಮುಂದಿನ ಹೋಲಿಕೆಯೆಲ್ಲ ಸುಲಭವಾಗುತ್ತದೆ. ಜಂಕ್ಷನ್ನಿಗೆ ತಲುಪುವ ತರಂಗ ದುರ್ಬಲವಾಗಿರುವಾಗ, ಹೊರಬರುವ ಗೊರಗೊರ ಆ ತರಂಗದ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ಒಳಬರುವ ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ಶಬ್ದ ಕಾಲು ಭಾಗಕ್ಕೆ ಇಳಿಯುತ್ತದೆ. ಯಾವ ಪರಿಹಾರವೂ ಪೂರ್ಣವಾಗಿರಬೇಕಾಗಿಲ್ಲ, ಸಾಧಾರಣವಾದ ಎರಡು ಪರಿಹಾರಗಳು ಸೇರಿದರೂ ಸಾಕಾಗುವುದು ಈ ಕಾರಣದಿಂದ.

ಆರಿಸುವ ಮೊದಲು ಮಾಡಬೇಕಾದ ಪರೀಕ್ಷೆ

ಮೊದಲಿಗೆ ಇದು ಮೊಬೈಲಿನ ಶಬ್ದವೇ ಎಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಸಮನೆ, ತಗ್ಗಿದ ಸ್ವರದಲ್ಲಿ ‘ಗುಂಯ್’ ಎನ್ನುವುದು ಮನೆಯ ವಿದ್ಯುತ್ತಿನ 50 ಅಥವಾ 100 ಹರ್ಟ್ಸಿನ ಶಬ್ದ. ಅದು ಅರ್ತಿಂಗಿನ ಅಥವಾ ಪವರ್ ಸಪ್ಲೈಯ ಪ್ರಶ್ನೆ, ಈ ಲೇಖನದ ಯಾವ ಪರಿಹಾರವೂ ಅದಕ್ಕೆ ನಾಟದು. ರೇಡಿಯೊದ ಎಎಂ ಪಟ್ಟಿಯಲ್ಲಿ ಮಂಗಳೂರು ಆಕಾಶವಾಣಿ ಕೇಳುವಾಗ ಒಂದು ಕಡೆ ಹೆಚ್ಚು, ಮುಳ್ಳನ್ನು ಸರಿಸಿದರೆ ಇನ್ನೊಂದು ಕಡೆ ಕಡಿಮೆ ಕೇಳುವ ಚರಚರ ಶಬ್ದ ಬಹುಪಾಲು ಫೋನಿನ ಚಾರ್ಜರಿನದು ಅಥವಾ ಎಲ್‌ಇಡಿ ಬಲ್ಬಿನದು. ಚಾರ್ಜರನ್ನು ಪ್ಲಗ್ಗಿನಿಂದ ತೆಗೆದರೆ ಅದು ನಿಲ್ಲುತ್ತದೆ. ಮೊಬೈಲಿನ ಹೊಡೆತ ಹಾಗಲ್ಲ. ಮುಳ್ಳು ಎಲ್ಲಿದ್ದರೂ, ಸ್ಟೇಷನ್ ಇರಲಿ ಇಲ್ಲದಿರಲಿ, ಅದು ಒಂದೇ ರೀತಿ ಕೇಳುತ್ತದೆ, ಏಕೆಂದರೆ ಅದು ರೇಡಿಯೊದ ಸ್ಟೇಷನ್ ಹಿಡಿಯುವ ಭಾಗದಿಂದಲ್ಲ, ಧ್ವನಿಯ ಭಾಗದಿಂದ ಒಳಬರುತ್ತದೆ.

ಎರಡನೆಯ ಪರೀಕ್ಷೆ ವಾಲ್ಯೂಮಿನದು, ಮತ್ತು ಇದಕ್ಕಿಂತ ಹೆಚ್ಚು ತಿಳಿಸುವ ಪರೀಕ್ಷೆ ಬೇರೊಂದಿಲ್ಲ. ಗೊರಗೊರ ಕೇಳುತ್ತಿರುವಾಗಲೇ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸಬೇಕು. ಶಬ್ದ ನಿಂತರೆ ಅದು ವಾಲ್ಯೂಮಿಗಿಂತ ಮೊದಲು, ಅಂದರೆ ಮೈಕಿನಿಂದಲೋ ಮೈಕಿನ ಕೇಬಲಿನಿಂದಲೋ ಮೊದಲ ಹಂತದಿಂದಲೋ ಒಳಗೆ ಬಂದಿದೆ. ಸೊನ್ನೆಗೆ ಇಳಿಸಿದರೂ ಶಬ್ದ ಹಾಗೆಯೇ ಇದ್ದರೆ ಅದು ವಾಲ್ಯೂಮಿನ ನಂತರದ ಭಾಗಕ್ಕೆ ಬರುತ್ತಿದೆ, ಮತ್ತು ಹೆಚ್ಚಿನ ಸಲ ಅದರ ದಾರಿ ಸ್ಪೀಕರಿನ ತಂತಿ. ಸ್ಪೀಕರಿಗೆ ಹೋಗುವ ತಂತಿಯಲ್ಲಿ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಆಶ್ಚರ್ಯವಾಗಬಹುದು. ಆಂಪ್ಲಿಫೈಯರಿನ ಹೊರತುದಿಯಿಂದ ಒಳತುದಿಗೆ ಫೀಡ್‌ಬ್ಯಾಕಿನ ಒಂದು ಸಂಪರ್ಕ ಇದ್ದೇ ಇರುತ್ತದೆ. ಸ್ಪೀಕರಿನ ಉದ್ದ ತಂತಿ ಹಿಡಿದ ತರಂಗ ಅದೇ ದಾರಿಯಲ್ಲಿ ಒಳಗಿನ ಟ್ರಾನ್ಸಿಸ್ಟರಿಗೆ ತಲುಪುತ್ತದೆ.

ಪರೀಕ್ಷೆಗೆ ಶಬ್ದ ಬೇಕಾದಾಗ ಬರಬೇಕು, ಇಲ್ಲವಾದರೆ ಕಾಯುತ್ತ ಕೂರಬೇಕಾಗುತ್ತದೆ. ಹಳೆಯ ಬಟನ್ ಫೋನ್ ಒಂದಿದ್ದರೆ ಅದರಿಂದ ಕರೆ ಮಾಡಿದರೆ ಸಾಕು. ಅದಿಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಈ ಸಂಖ್ಯೆಯನ್ನು ಒತ್ತಿದಾಗ ಅನೇಕ ಮಾದರಿಗಳಲ್ಲಿ ಪರೀಕ್ಷಾ ಪುಟ ತೆರೆಯುತ್ತದೆ:

```
*#*#4636#*#*
```

ಅಲ್ಲಿ ನೆಟ್‌ವರ್ಕಿನ ಬಗೆಯನ್ನು `GSM only` ಎಂದು ಬದಲಿಸಿ ಕರೆ ಮಾಡಿದರೆ ಫೋನು 2ಜಿಯಲ್ಲಿಯೇ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಮೊದಲಿನ ಆಯ್ಕೆಗೆ ಮರಳಿಸಬೇಕು. ಜಿಯೊ ಸಿಮ್ಮಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಆ ಕಂಪನಿಗೆ 2ಜಿ ಜಾಲವೇ ಇಲ್ಲ. ಕರೆ ನಡೆಯುತ್ತಿರುವಾಗ ಫೋನನ್ನು ಮೈಕಿನ ಕೇಬಲಿನ ಉದ್ದಕ್ಕೆ, ಪಿನ್ನಿನ ಹತ್ತಿರ, ಆಂಪ್ಲಿಫೈಯರಿನ ಮುಂದೆ, ಸ್ಪೀಕರ್ ತಂತಿಯ ಬಳಿ ನಿಧಾನವಾಗಿ ಸಾಗಿಸಿದರೆ ಯಾವ ಜಾಗದಲ್ಲಿ ಶಬ್ದ ಏರುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ.

ದೂರ ಮತ್ತು ಫೋನಿನ ಬಗೆ: ಖರ್ಚಿಲ್ಲದ ಎರಡು ಆಯ್ಕೆಗಳು

ದೂರವನ್ನು ಜನರು ಪರಿಹಾರವೆಂದೇ ಎಣಿಸುವುದಿಲ್ಲ, ಆದರೆ ಲೆಕ್ಕ ಮಾಡಿದಾಗ ಅದರ ಬಲ ಕಾಣುತ್ತದೆ. 2 ವ್ಯಾಟಿನ ಹೊಡೆತ ಒಂದು ಮೀಟರು ದೂರದಲ್ಲಿ ಮೀಟರಿಗೆ ಸುಮಾರು 8 ವೋಲ್ಟಿನ ಕ್ಷೇತ್ರವನ್ನು ಉಂಟುಮಾಡುತ್ತದೆ. ಮನೆಬಳಕೆಯ ಉಪಕರಣಗಳನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷಿಸುವಾಗ ಅವು ತಾಳಬೇಕಾದ ಕ್ಷೇತ್ರ ಮೀಟರಿಗೆ 3 ವೋಲ್ಟು. ಅಂದರೆ ಚೆನ್ನಾಗಿ ತಯಾರಾದ ಉಪಕರಣಕ್ಕೂ 2ಜಿ ಫೋನು ಎರಡೂವರೆ ಮೀಟರಿಗಿಂತ ಹತ್ತಿರ ಬಂದರೆ ಅದು ತನ್ನ ಪರೀಕ್ಷೆಯ ಮಿತಿಯನ್ನು ಮೀರಿದ ಸ್ಥಿತಿಯಲ್ಲಿರುತ್ತದೆ. ದೂರ ಇಮ್ಮಡಿಯಾದಾಗ ಕ್ಷೇತ್ರ ಅರ್ಧವಾಗುತ್ತದೆ, ಮೇಲೆ ಹೇಳಿದ ವರ್ಗದ ನಿಯಮದಂತೆ ಶಬ್ದ ಕಾಲು ಭಾಗವಾಗುತ್ತದೆ. 30 ಸೆಂಟಿಮೀಟರಿನಲ್ಲಿದ್ದ ಫೋನನ್ನು 1.2 ಮೀಟರಿಗೆ ಸರಿಸಿದರೆ ಶಬ್ದ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆಯ ರೇಡಿಯೊಗೆ ಇದಕ್ಕಿಂತ ಬೇರೆ ಪರಿಹಾರ ಹುಡುಕುವ ಅಗತ್ಯವೇ ಇಲ್ಲ. ರೇಡಿಯೊ ಇಟ್ಟ ಮೇಜಿನ ಮೇಲೆ ಫೋನು ಇಡದಿದ್ದರೆ ಆಯಿತು.

ಇದರ ಮಿತಿ ತಾಳಮದ್ದಳೆಯ ವೇದಿಕೆಯಲ್ಲಿ ತಿಳಿಯುತ್ತದೆ. ಅಲ್ಲಿ ಅರ್ಥಧಾರಿಗಳ ಕಿಸೆಯಲ್ಲಿ ಫೋನು, ಕೆಲವು ಭಾಗವತರ ಮುಂದೆ ಪ್ರಸಂಗದ ಪದ್ಯ ನೋಡಲು ಇಟ್ಟ ಫೋನು, ಮುಂದಿನ ಸಾಲಿನಲ್ಲಿ ಧ್ವನಿಮುದ್ರಣಕ್ಕೆಂದು ಮೈಕಿನ ಬುಡದಲ್ಲಿಯೇ ಇರಿಸಿದ ಫೋನು. ಇವರೆಲ್ಲರನ್ನೂ ಎರಡೂವರೆ ಮೀಟರು ದೂರ ಕಳುಹಿಸಲು ಸಾಧ್ಯವಿಲ್ಲ. ಪದ್ಯ ನೋಡುವ ಫೋನನ್ನೂ ಧ್ವನಿಮುದ್ರಣದ ಫೋನನ್ನೂ ಏರೋಪ್ಲೇನ್ ಮೋಡಿಗೆ ಹಾಕಿದರೆ ಅವು ತಮ್ಮ ಕೆಲಸವನ್ನು ಮುಂದುವರಿಸುತ್ತವೆ, ಹೊಡೆತ ಮಾತ್ರ ನಿಲ್ಲುತ್ತದೆ. ಸೈಲೆಂಟಿಗೆ ಹಾಕಿದರೆ ಸಾಕು ಎಂಬ ನಂಬಿಕೆ ತಪ್ಪು. ಸೈಲೆಂಟ್ ಮಾಡಿದ ಫೋನು ರಿಂಗಾಗದು, ಆದರೆ ಕರೆ ಬಂದಾಗ ಮೊಬೈಲ್ ಗೋಪುರಕ್ಕೆ ಉತ್ತರ ಕಳುಹಿಸಿಯೇ ತೀರುತ್ತದೆ. ಆ ಮೊದಲ ಉತ್ತರ ಪೂರ್ಣ ಶಕ್ತಿಯಲ್ಲಿ ಹೋಗುವುದರಿಂದ, ಮತ್ತು ಗೋಪುರ ‘ಇಷ್ಟು ಸಾಕು, ಇಳಿಸು’ ಎಂದು ಹೇಳುವುದು ಅದರ ನಂತರವಾದುದರಿಂದ, ರಿಂಗಿಗೆ ಮುಂಚಿನ ಆ ‘ಟಟರ್ ಟಟರ್’ ಉಳಿದುದಕ್ಕಿಂತ ಜೋರಾಗಿರುತ್ತದೆ.

ಎರಡನೆಯ ಆಯ್ಕೆ ಫೋನನ್ನು 2ಜಿಯಿಂದ ಹೊರಗಿಡುವುದು. 4ಜಿಯಲ್ಲಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟು, ಅಂದರೆ 2ಜಿಯ ಹತ್ತನೆಯ ಒಂದು ಪಾಲು. ಹೊಡೆತದ ತಾಳವೂ ಅಷ್ಟು ನಿಯಮಿತವಾಗಿರುವುದಿಲ್ಲ. ಎರಡೂವರೆ ಮೀಟರಿದ್ದ ಸುರಕ್ಷಿತ ದೂರ ಇದರಿಂದ ಮುಕ್ಕಾಲು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. 4ಜಿ ಫೋನಿನಿಂದ ಶಬ್ದವೇ ಬರುವುದಿಲ್ಲ ಎಂದಲ್ಲ. ಮೈಕಿನ ಕೇಬಲಿಗೆ ತಾಗಿಸಿಟ್ಟು ವೀಡಿಯೊ ಕಳುಹಿಸಿದರೆ ಟಿಕ್ ಟಿಕ್ ಎಂಬ ಸದ್ದು ಕೇಳಬಹುದು, ಆದರೆ ಸಭೆಯನ್ನು ಕೆಡಿಸುವಷ್ಟು ಬಲ ಅದಕ್ಕೆ ಅಪರೂಪ.

ಇಲ್ಲಿ ಗಮನಿಸಬೇಕಾದದ್ದು, ಫೋನು 4ಜಿಯದಾಗಿದ್ದರೂ ಕರೆ 4ಜಿಯಲ್ಲಿ ಹೋಗದಿರಬಹುದು. ಸೆಟ್ಟಿಂಗಿನಲ್ಲಿ `VoLTE` ಆರಿಸದಿದ್ದರೆ ಕರೆಯ ಹೊತ್ತಿಗೆ ಫೋನು ಹಳೆಯ ಜಾಲಕ್ಕೆ ಇಳಿಯುತ್ತದೆ, ಮತ್ತು 3ಜಿಯನ್ನು ಮುಚ್ಚಿ 2ಜಿಯನ್ನು ಉಳಿಸಿಕೊಂಡ ಕಂಪನಿಗಳಲ್ಲಿ ಅದು ನೇರವಾಗಿ 2ಜಿಗೆ ಇಳಿಯುತ್ತದೆ. ಆಂಡ್ರಾಯ್ಡ್ 12ರಿಂದ ಈಚೆಗೆ ಕೆಲವು ಫೋನುಗಳಲ್ಲಿ 2ಜಿಯನ್ನೇ ನಿಲ್ಲಿಸುವ ಆಯ್ಕೆಯೂ ಇದೆ. ಆದರೆ ಅಡಿಕೆ ತೋಟದ ಬೈಲಿನಲ್ಲಿ, ಗುಡ್ಡದ ಮರೆಯಲ್ಲಿ 4ಜಿ ಸಿಗದ ಮನೆಯವರು 2ಜಿಯನ್ನು ನಿಲ್ಲಿಸಿದರೆ ಕರೆಯೇ ಬಾರದು. ಅಲ್ಲಿ ಈ ಆಯ್ಕೆಯನ್ನು ಕಾರ್ಯಕ್ರಮದ ಹೊತ್ತಿಗೆ ಮಾತ್ರ ಬಳಸುವುದು ಒಳ್ಳೆಯದು.

ಗಡಿಯಲ್ಲಿರುವ ನಮಗೆ ಇನ್ನೊಂದು ಕಾರಣವೂ ಸೇರುತ್ತದೆ. ಗೋಪುರ ದೂರವಾದಷ್ಟು, ಗೋಡೆ ದಪ್ಪವಾದಷ್ಟು ಫೋನು ತನ್ನ ಶಕ್ತಿಯನ್ನು ಏರಿಸುತ್ತದೆ. ಅದೇ ಫೋನು ಕಾಸರಗೋಡು ಪೇಟೆಯ ಗೋಪುರದ ಹತ್ತಿರ ಮೈಕಿಗೆ ತೊಂದರೆ ಕೊಡದೆ, ಒಳನಾಡಿನ ಕೆಂಪುಕಲ್ಲಿನ ಗೋಡೆಯ ಮಂದಿರದಲ್ಲಿ ಕಾಡುವುದು ಇದರಿಂದ. ತಲಪಾಡಿ, ಮಂಜೇಶ್ವರದಂತಹ ಕಡೆಗಳಲ್ಲಿ ಕೇರಳದ ಜಾಲ ಮತ್ತು ಕರ್ನಾಟಕದ ಜಾಲ ಎರಡೂ ಸಿಗುವಲ್ಲಿ, ಫೋನು ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಹೊಸದಾಗಿ ಹೆಸರು ನೋಂದಾಯಿಸಲು ತರಂಗ ಕಳುಹಿಸುತ್ತದೆ. ಯಾವ ಕರೆಯೂ ಇಲ್ಲದೆ ನಡುನಡುವೆ ಚಿಕ್ಕ ಗೊರಗೊರ ಕೇಳುತ್ತಿದ್ದರೆ ಇದು ಒಂದು ಕಾರಣವಾಗಿರಬಹುದು. ನೆಟ್‌ವರ್ಕ್ ಆಯ್ಕೆಯನ್ನು ತಾನಾಗಿ ಹುಡುಕುವುದಕ್ಕೆ ಬಿಡದೆ ಒಂದೇ ಜಾಲಕ್ಕೆ ನಿಲ್ಲಿಸಿದರೆ ಈ ಓಡಾಟ ತಪ್ಪುತ್ತದೆ. ನೆಟ್‌ವರ್ಕು ನಿಗದಿ ಮಾಡಿದ ಅವಧಿಗೊಮ್ಮೆ ನಡೆಯುವ ನೋಂದಣಿ ಮಾತ್ರ ಹಾಗೆಯೇ ಉಳಿಯುತ್ತದೆ.

ಕೇಬಲು ಮತ್ತು ಪಿನ್ನು: ಮೈಕ್ ಸೆಟ್ಟಿಗೆ ನಾನು ಮೊದಲು ಆರಿಸುವುದು

ಫೋನುಗಳು ಬರುತ್ತಲೇ ಇರುವ ಸಭೆಯಲ್ಲಿ ಪರಿಹಾರ ಮೈಕ್ ಸೆಟ್ಟಿನ ಕಡೆಯಿಂದಲೇ ಬರಬೇಕು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮೈಕಿನ ಕೇಬಲಿನ ತುದಿ, ಮತ್ತು ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದೂ ಅದಕ್ಕೆ.

ಮೈಕಿನ ಕೇಬಲಿನಲ್ಲಿ ನಡುವಿನ ತಂತಿಯ ಸುತ್ತ ನೇಯ್ದ ಜಾಲರಿ ಇರುತ್ತದೆ. ಅದು ಪೂರ್ತಿ ಸುತ್ತುವರಿದಿರುವ ತನಕ ತರಂಗ ಹೊರಮೈಯಲ್ಲಿಯೇ ಹರಿಯುತ್ತದೆ, ಒಳಗಿನ ತಂತಿಗೆ ತಾಗುವುದಿಲ್ಲ. ಪಿನ್ನು ಜೋಡಿಸುವಾಗ ಜಾಲರಿಯನ್ನು ಬಿಡಿಸಿ, ಹುರಿ ಮಾಡಿ, ಒಂದು ಬದಿಗೆ ಎಳೆದು ಬೆಸುಗೆ ಹಾಕುವುದು ರೂಢಿ. ವಿದ್ಯುತ್ತಿನ ಗುಂಯ್ ಶಬ್ದಕ್ಕೆ ಈ ಹುರಿ ಸಾಕು. 900 ಮೆಗಾಹರ್ಟ್ಸಿಗೆ ಸಾಲದು. ಒಂದು ಸೆಂಟಿಮೀಟರು ತಂತಿ ಆ ತರಂಗಕ್ಕೆ ಸುಮಾರು 50 ಓಮಿನ ತಡೆ ಒಡ್ಡುತ್ತದೆ; ಮೂರು ಸೆಂಟಿಮೀಟರಿನ ಹುರಿ 150 ಓಮು ದಾಟುತ್ತದೆ. ಹೊರಮೈಯಲ್ಲಿ ಬಂದ ತರಂಗ ಆ ತಡೆಯನ್ನು ಕಂಡು, ಅದೇ ಜಾಗದಲ್ಲಿ ಬಯಲಾಗಿ ನಿಂತ ನಡುತಂತಿಗೆ ಸುಲಭವಾಗಿ ದಾಟಿಕೊಳ್ಳುತ್ತದೆ. ಹದಿನೈದು ಮೀಟರಿನ ಒಳ್ಳೆಯ ಕೇಬಲನ್ನು ಕೊನೆಯ ಮೂರು ಸೆಂಟಿಮೀಟರು ನಿರರ್ಥಕ ಮಾಡುವುದು ಹೀಗೆ.

ಆದ್ದರಿಂದ ಲೋಹದ ಕವಚವಿರುವ ಪಿನ್ನನ್ನು ಆರಿಸಬೇಕು, ಪ್ಲಾಸ್ಟಿಕ್ ಕವಚದ್ದನ್ನಲ್ಲ. ಜಾಲರಿಯನ್ನು ಹುರಿ ಮಾಡದೆ ಹಿಂದಕ್ಕೆ ಮಡಚಿ, ಪಿನ್ನಿನ ಹಿಡಿಕೆ ಅದನ್ನು ಸುತ್ತಲೂ ಒತ್ತಿ ಹಿಡಿಯುವಂತೆ ಜೋಡಿಸಬೇಕು. ಹಾಗೆ ಸಾಧ್ಯವಿಲ್ಲದ ಪಿನ್ನಾದರೆ ಹುರಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಅಗ್ಗದ ಕೇಬಲುಗಳಲ್ಲಿ ಜಾಲರಿಯ ಬದಲು ನಾಲ್ಕಾರು ಎಳೆಗಳನ್ನು ಸಡಿಲವಾಗಿ ಸುತ್ತಿರುತ್ತಾರೆ, ಬಾಗಿಸಿದಾಗ ನಡುವೆ ಸಂದು ಬಿಡುತ್ತದೆ. ಕೊಳ್ಳುವಾಗ ತುದಿಯನ್ನು ಬಿಡಿಸಿ ನೋಡುವುದು ಮೇಲು.

ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿಗೆ ಬದಲಾದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತು ಅರ್ಧ ಸತ್ಯ. ಆ ಕೇಬಲಿನಲ್ಲಿ ಎರಡು ತಂತಿಗಳಿಗೆ ಸಮನಾಗಿ ಬಂದ ಗದ್ದಲವನ್ನು ಆಂಪ್ಲಿಫೈಯರು ಕಳೆದುಹಾಕುತ್ತದೆ, ಆದರೆ ಆ ಕಳೆಯುವಿಕೆ ಧ್ವನಿಯ ಆವರ್ತಗಳಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ. 900 ಮೆಗಾಹರ್ಟ್ಸಿನಲ್ಲಿ ಎರಡು ಬದಿಗಳು ಸಮನಾಗಿರುವುದಿಲ್ಲ. ಎಕ್ಸ್‌ಎಲ್‌ಆರ್‌ನ ನಿಜವಾದ ಲಾಭ ಅದರ ಲೋಹದ ಕವಚದಲ್ಲಿದೆ, ಮತ್ತು ಆಂಪ್ಲಿಫೈಯರಿನ ಒಳಗೆ, ಜಾಲರಿ ಸೇರುವ ಒಂದನೆಯ ಪಿನ್ನನ್ನು ನೇರವಾಗಿ ಲೋಹದ ಪೆಟ್ಟಿಗೆಗೆ ಸೇರಿಸಿದ್ದರೆ ಮಾತ್ರ ಆ ಲಾಭ ಪೂರ್ತಿ ಸಿಗುತ್ತದೆ. ಬೋರ್ಡಿನ ಮೇಲೆ ಅಲೆದಾಡಿ ಪೆಟ್ಟಿಗೆ ಸೇರುವ ಒಂದನೆಯ ಪಿನ್ನು ಹೊರಗಿನ ಗದ್ದಲವನ್ನು ತಾನೇ ಒಳಗೆ ಹಂಚುತ್ತದೆ. 1995ರಲ್ಲಿ ನೀಲ್ ಮನ್ಸಿ ಎಂಬವರು ಬರೆದು ತೋರಿಸಿದ ಈ ದೋಷ ಅಗ್ಗದ ಉಪಕರಣಗಳಲ್ಲಿ ಈಗಲೂ ಇದೆ.

ಮೈಕಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಡೈನಮಿಕ್ ಮೈಕಿನೊಳಗೆ ಇರುವುದು ಸುರುಳಿ ಮತ್ತು ಆಯಸ್ಕಾಂತ, ಅಲ್ಲಿ ತರಂಗವನ್ನು ಶಬ್ದವಾಗಿಸುವ ಜಂಕ್ಷನ್ನಿಲ್ಲ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಿನ ಗುಂಡಿಯೊಳಗೆ ಒಂದು ಚಿಕ್ಕ ಟ್ರಾನ್ಸಿಸ್ಟರೇ ಇರುತ್ತದೆ, ಗೊರಗೊರ ಅಲ್ಲಿಯೇ ಹುಟ್ಟಿ ಕೇಬಲಿನಲ್ಲಿ ಧ್ವನಿಯಾಗಿಯೇ ಬರುತ್ತದೆ, ಮುಂದೆ ಯಾವ ಫಿಲ್ಟರೂ ಅದನ್ನು ಬೇರ್ಪಡಿಸಲಾರದು. ಕಿಸೆಯಲ್ಲಿ ಫೋನು, ಎದೆಯ ಮೇಲೆ ಕಾಲರ್ ಮೈಕು ಎಂಬ ಜೋಡಣೆಯನ್ನು ತಪ್ಪಿಸಲೇಬೇಕು.

ಫೆರೈಟ್ ಮತ್ತು ಕೆಪಾಸಿಟರ್

ಕೇಬಲಿಗೆ ಸಿಕ್ಕಿಸುವ ಫೆರೈಟಿನ ದೊಡ್ಡ ಗುಣವೆಂದರೆ ಏನನ್ನೂ ಬಿಚ್ಚಬೇಕಾಗಿಲ್ಲ. ಕೇಬಲಿನ ಹೊರಮೈಯಲ್ಲಿ ಹರಿಯುವ ತರಂಗಕ್ಕೆ ಅದು ತಡೆ ಒಡ್ಡಿ ಶಾಖವಾಗಿ ಕಳೆಯುತ್ತದೆ. ಸಾಮಾನ್ಯ ಫೆರೈಟು ಆ ತರಂಗವನ್ನು ಅರ್ಧದಷ್ಟು ಇಳಿಸಿದರೆ ಶಬ್ದ ಕಾಲು ಭಾಗವಾಗುತ್ತದೆ, ಅದಕ್ಕಿಂತ ಹೆಚ್ಚನ್ನು ಒಂದು ಫೆರೈಟಿನಿಂದ ನಿರೀಕ್ಷಿಸಬಾರದು. ಎರಡು ಎಚ್ಚರಿಕೆಗಳಿವೆ. ಅದನ್ನು ಕೇಬಲಿನ ನಡುವೆ ಹಾಕಿದರೆ ಅಲ್ಲಿಂದ ಮುಂದಿನ ಉದ್ದ ಪುನಃ ಆಂಟೆನಾ ಆಗುತ್ತದೆ, ಆದುದರಿಂದ ಆಂಪ್ಲಿಫೈಯರಿನ ಪಿನ್ನಿಗೆ ತಾಗುವಂತೆಯೇ ಹಾಕಬೇಕು. ಹಾಗೆಯೇ, ಕೆಳಗಿನ ಆವರ್ತಗಳಲ್ಲಿ ಕೇಬಲನ್ನು ಫೆರೈಟಿನ ಸುತ್ತ ಹಲವು ಸಲ ಸುತ್ತಿದರೆ ಫಲ ಹೆಚ್ಚುತ್ತದೆ, 900 ಮೆಗಾಹರ್ಟ್ಸಿನಲ್ಲಿ ಸುತ್ತುಗಳ ನಡುವಿನಿಂದಲೇ ತರಂಗ ಹಾರಿಹೋಗುವುದರಿಂದ ಹೆಚ್ಚು ಸುತ್ತು ಪ್ರಯೋಜನವಿಲ್ಲ. ವಾಲ್ಯೂಮ್ ಸೊನ್ನೆಗಿಳಿಸಿದರೂ ನಿಲ್ಲದ ಶಬ್ದಕ್ಕೆ, ಅಂದರೆ ಸ್ಪೀಕರ್ ತಂತಿಯಿಂದ ಬರುವುದಕ್ಕೆ, ಫೆರೈಟು ನನ್ನ ಮೊದಲ ಆಯ್ಕೆ. ಅಲ್ಲಿ ಪಿನ್ನು ಬದಲಿಸಿ ಪ್ರಯೋಜನವಿಲ್ಲ, ಒಳಗೆ ಕೈಹಾಕುವುದು ಕಷ್ಟ.

ಮೈಕಿನ ದಾರಿಯಲ್ಲಾದರೆ ಕೆಪಾಸಿಟರ್ ಇದಕ್ಕಿಂತ ಬಲವಾದದ್ದು. ಆಂಪ್ಲಿಫೈಯರಿನ ಜಾಕಿನಲ್ಲಿ, ಸಿಗ್ನಲಿನ ಕಾಲಿಗೂ ಗ್ರೌಂಡಿಗೂ ನಡುವೆ 47 ಪಿಕೊಫ್ಯಾರಡಿನ ಸೆರಾಮಿಕ್ ಕೆಪಾಸಿಟರನ್ನು ಹಾಕಿದರೆ ತರಂಗಕ್ಕೆ ಅಲ್ಲಿಯೇ ಅಡ್ಡದಾರಿ ಸಿಗುತ್ತದೆ. ಧ್ವನಿಗೆ ಅದರಿಂದ ಬಾಧೆಯಿಲ್ಲ, ಏಕೆಂದರೆ 20 ಕಿಲೊಹರ್ಟ್ಸಿನಲ್ಲಿಯೂ ಅದರ ತಡೆ ಒಂದೂವರೆ ಲಕ್ಷ ಓಮಿಗೂ ಮಿಕ್ಕಿದೆ. ಬೆಲೆ ಕೆಲವೇ ರೂಪಾಯಿ. ಆದರೆ ಇದರಲ್ಲಿ ಸೋಲುವವರು ಹೆಚ್ಚು, ಮತ್ತು ಕಾರಣ ಪಿನ್ನಿನ ಹುರಿಯದೇ: ಕಾಲುಗಳ ಉದ್ದ. ಉದ್ದ ಕಾಲಿನ ಕೆಪಾಸಿಟರನ್ನು ಹಾಗೆಯೇ ಬೆಸೆದರೆ ಎರಡು ಕಾಲು ಸೇರಿ ಎರಡು ಸೆಂಟಿಮೀಟರಾಗಿ, ಕಾಲುಗಳದ್ದೇ ನೂರು ಓಮಿನಷ್ಟು ತಡೆಯಾಗುತ್ತದೆ, ತರಂಗ ಆ ದಾರಿಯನ್ನು ಬಿಟ್ಟು ಟ್ರಾನ್ಸಿಸ್ಟರಿನ ಕಡೆಗೇ ಹೋಗುತ್ತದೆ. ಕಾಲೇ ಇಲ್ಲದ, ಬೋರ್ಡಿನ ಮೇಲ್ಮೈಗೆ ಬೆಸೆಯುವ ಚಿಕ್ಕ ಚಿಪ್ ಕೆಪಾಸಿಟರಿನಲ್ಲಿ 47 ಪಿಕೊಫ್ಯಾರಡು 900 ಮೆಗಾಹರ್ಟ್ಸಿನ ಹತ್ತಿರವೇ ತನ್ನ ಅತಿ ಕಡಿಮೆ ತಡೆಗೆ ಬರುತ್ತದೆ. ದೊಡ್ಡದು ಒಳ್ಳೆಯದೆಂದು 0.1 ಮೈಕ್ರೊಫ್ಯಾರಡು ಹಾಕಿದರೆ ಮೈಕಿನ ಮೇಲಿನ ಸ್ವರಗಳು ಮಂಕಾಗುತ್ತವೆ, ಗೊರಗೊರಕ್ಕೆ ಹೆಚ್ಚಿನ ಲಾಭವೂ ಇಲ್ಲ. ಬೆಸುಗೆಯ ಕೆಲಸವನ್ನು ಆಂಪ್ಲಿಫೈಯರ್ ಬಿಚ್ಚಿ ಅಭ್ಯಾಸವಿರುವ ಮೆಕ್ಯಾನಿಕರಿಂದಲೇ ಮಾಡಿಸಬೇಕು. ಪ್ಲಗ್ಗು ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ.

ಹಾಳೆ ಸುತ್ತುವುದು

ಅಲ್ಯೂಮಿನಿಯಂ ಹಾಳೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಹಾಳೆ ತೆಳುವಾದುದರಿಂದ ತಡೆಯದು ಎಂಬುದು ಸರಿಯಲ್ಲ: 900 ಮೆಗಾಹರ್ಟ್ಸಿನ ತರಂಗ ಅಲ್ಯೂಮಿನಿಯಂನೊಳಗೆ ಮೂರು ಮೈಕ್ರಾನಿನಷ್ಟು ಆಳಕ್ಕೆ ಇಳಿಯುವುದರೊಳಗೆ ಬಹುಪಾಲು ಕುಂದುತ್ತದೆ, ಅಡುಗೆಮನೆಯ ಹಾಳೆ ಅದಕ್ಕಿಂತ ಹಲವು ಪಟ್ಟು ದಪ್ಪ. ಸೋರುವುದು ಸಂದುಗಳಲ್ಲಿ ಮತ್ತು ಒಳಹೋಗುವ ತಂತಿಗಳಲ್ಲಿ. ಎರಡು ಸೆಂಟಿಮೀಟರಿಗಿಂತ ಉದ್ದದ ಸಂದು ಇದ್ದರೆ ಅದು ಗಣನೀಯವಾಗಿ ಸೋರುತ್ತದೆ, ಮತ್ತು ಮೈಕಿನ ಕೇಬಲು ತರಂಗವನ್ನು ಹೊತ್ತುಕೊಂಡೇ ಒಳಗೆ ಹೋಗುತ್ತಿದ್ದರೆ ಪೆಟ್ಟಿಗೆಯನ್ನು ಎಷ್ಟು ಸುತ್ತಿದರೂ ವ್ಯರ್ಥ. ಗಾಳಿಯ ಕಿಂಡಿ ಮುಚ್ಚಿ ಆಂಪ್ಲಿಫೈಯರು ಕಾಯುವುದು, ಹಾಳೆ ಒಳಗಿನ ತಂತಿಗೆ ತಾಗಿ ಶಾಕ್ ಹೊಡೆಯುವುದು, ಈ ಎರಡು ಅಪಾಯಗಳೂ ಇವೆ. ಕರೆಂಟಿನ ಮತ್ತು ಸ್ಪೀಕರಿನ ತಂತಿ ಬಿಟ್ಟು ಉಳಿದೆಲ್ಲವನ್ನು ಕಳಚಿದ ಮೇಲೂ, ಪ್ಲಾಸ್ಟಿಕ್ ಪೆಟ್ಟಿಗೆಯ ಹತ್ತಿರ ಫೋನು ತಂದಾಗ ಶಬ್ದ ಬರುತ್ತಿದ್ದರೆ ಮಾತ್ರ ಕವಚದ ವಿಚಾರ ಮಾಡಬೇಕು, ಆಗಲೂ ಮೆಕ್ಯಾನಿಕರು ಒಳಗಿನ ಮೊದಲ ಹಂತವನ್ನು ಗ್ರೌಂಡಿಗೆ ಸೇರಿಸಿದ ತಗಡಿನ ಡಬ್ಬದಿಂದ ಮುಚ್ಚುವುದು ಹೊರಗಿನಿಂದ ಸುತ್ತುವುದಕ್ಕಿಂತ ಉತ್ತಮ.

ಒಂದು ಮಂದಿರದ ಲೆಕ್ಕ

ಬದಿಯಡ್ಕದ ಆಚೆಯ ಒಂದು ಚಿಕ್ಕ ಮಂದಿರದ ಸ್ಥಿತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಭಾಗವತರಿಗೊಂದು, ಅರ್ಥಧಾರಿಗಳಿಗೆ ಎರಡು ಡೈನಮಿಕ್ ಮೈಕುಗಳು. ಪ್ಲಾಸ್ಟಿಕ್ ಕವಚದ ದೊಡ್ಡ ಜಾಕ್ ಪಿನ್ನುಗಳು. ಗೋಡೆಯ ಬದಿಯಲ್ಲಿ ಆಂಪ್ಲಿಫೈಯರು, ಹೊರಗೆ ಎರಡು ಸ್ಪೀಕರು. ಭಾಗವತರ ಮೈಕಿನಲ್ಲಿ ಗೊರಗೊರ ಅತಿ ಹೆಚ್ಚು. ಹೊಸ ಆಂಪ್ಲಿಫೈಯರು ಕೊಳ್ಳಲು ಸಮಿತಿಯವರು ಯೋಚಿಸುತ್ತಿದ್ದರು.

ವಾಲ್ಯೂಮ್ ಪರೀಕ್ಷೆಯಲ್ಲಿ, ಭಾಗವತರ ಮೈಕಿನ ಗುಬುಟನ್ನು ಇಳಿಸಿದಾಗ ಶಬ್ದ ಪೂರ್ತಿ ನಿಂತಿತು. ಆದ್ದರಿಂದ ಸ್ಪೀಕರ್ ತಂತಿಯ ವಿಚಾರ ಬಿಟ್ಟುಹೋಯಿತು. ಗುಬುಟು ಏರಿಸಿಟ್ಟು ಪಿನ್ನನ್ನು ಕಿತ್ತಾಗಲೂ ನಿಂತಿತು, ಅಂದರೆ ಪೆಟ್ಟಿಗೆ ತಾನಾಗಿ ಹಿಡಿಯುತ್ತಿಲ್ಲ, ದಾರಿ ಕೇಬಲಿನದು. 2ಜಿ ಕರೆಯಲ್ಲಿದ್ದ ಫೋನನ್ನು ಕೇಬಲಿನುದ್ದಕ್ಕೆ ಸಾಗಿಸಿದಾಗ ಎರಡು ಕಡೆ ಶಬ್ದ ಏರಿತು: ಆಂಪ್ಲಿಫೈಯರಿನ ಪಿನ್ನಿನ ಹತ್ತಿರ, ಮತ್ತು ಭಾಗವತರ ಮುಂದೆ ಕೇಬಲು ಅವರ ಫೋನಿನ ಅಡಿಯಲ್ಲಿಯೇ ಹಾದುಹೋಗುವಲ್ಲಿ. ಪಿನ್ನು ಬಿಚ್ಚಿ ನೋಡಿದರೆ ಜಾಲರಿಯ ಹುರಿ ಮೂರು ಸೆಂಟಿಮೀಟರಿನಷ್ಟಿತ್ತು.

ಇಲ್ಲಿ ಆಯ್ಕೆಗಳನ್ನು ಹೀಗೆ ತೂಗಬಹುದು. ಭಾಗವತರ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಅತಿ ಹತ್ತಿರದ ಮೂಲವೇ ಇಲ್ಲವಾಗುತ್ತದೆ. ಅದರ ನಂತರ ಉಳಿಯುವವು ಅರ್ಥಧಾರಿಗಳ ಕಿಸೆಯ ಫೋನುಗಳು. ಕೇಬಲನ್ನು ಅವರ ಮಡಿಲಿನ ಬದಿಯಿಂದ ತೆಗೆದು ವೇದಿಕೆಯ ಹಿಂಬದಿಯಿಂದ ಎಳೆದರೆ 30 ಸೆಂಟಿಮೀಟರಿದ್ದ ಅಂತರ ಒಂದು ಮೀಟರು ದಾಟುತ್ತದೆ, ಶಬ್ದ ಹತ್ತನೆಯ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಇವೆರಡಕ್ಕೂ ಖರ್ಚಿಲ್ಲ. ಮೂರು ಕೇಬಲುಗಳಿಗೂ ಲೋಹದ ಕವಚದ ಪಿನ್ನು ಹಾಕಿ ಜಾಲರಿಯನ್ನು ಸುತ್ತಲೂ ಒತ್ತಿಸುವುದು ಒಂದು ಸಂಜೆಯ ಕೆಲಸ. ಇಷ್ಟಾದ ಮೇಲೆ ಅಲ್ಲಿ ಉಳಿದದ್ದು, ಯಾರಾದರೂ ಪಿನ್ನಿನ ಪಕ್ಕದಲ್ಲಿಯೇ ನಿಂತು 2ಜಿಯಲ್ಲಿ ಮಾತನಾಡಿದರೆ ಕೇಳುವ ಸಣ್ಣ ಸದ್ದು ಮಾತ್ರ. ಅದಕ್ಕೆ ಮೂರು ಜಾಕುಗಳಿಗೆ ಕೆಪಾಸಿಟರ್ ಬೆಸೆಯಬಹುದಿತ್ತು. ಆಂಪ್ಲಿಫೈಯರಿನ ಬಳಿ ಫೋನಿನಲ್ಲಿ ಮಾತನಾಡಬಾರದೆಂದು ಸಮಿತಿಯವರು ನಿಯಮ ಮಾಡಿಕೊಂಡದ್ದರಿಂದ ಅದನ್ನು ಮಾಡಿಸಲಿಲ್ಲ, ಮತ್ತು ಆ ತೀರ್ಮಾನ ಸರಿಯೆಂದೇ ನನಗೆ ತೋರುತ್ತದೆ. ಹೊಸ ಆಂಪ್ಲಿಫೈಯರು ಕೊಂಡಿದ್ದರೆ ಹಳೆಯ ಕೇಬಲುಗಳೇ ಅದಕ್ಕೂ ಸೇರುತ್ತಿದ್ದವು.

ಪಿನ್ನು ಕಿತ್ತು ಮೈಕಿನ ತಂತಿಗಳನ್ನೆಲ್ಲ ಬಿಡಿಸಿದ ಮೇಲೂ, ಒಂದು ಮೀಟರಿಗಿಂತ ದೂರದ ಫೋನಿಗೆ ಗೊರಗುಟ್ಟುವ ಉಪಕರಣವಾದರೆ ಅದನ್ನು ಬದಲಿಸುವುದೇ ಸರಿ. ಅಂಗಡಿಯಲ್ಲಿ ಹೊಸದನ್ನು ನೋಡುವಾಗ ತಮ್ಮದೇ ಮೈಕನ್ನೂ ಕೇಬಲನ್ನೂ ಒಯ್ದು, ಗುಬುಟನ್ನು ಅರ್ಧಕ್ಕೆ ಏರಿಸಿ, 2ಜಿ ಕರೆಯಲ್ಲಿರುವ ಬಟನ್ ಫೋನನ್ನು ಮೈಕಿನ ಜಾಕಿನಿಂದ ಎರಡು ಗೇಣು ದೂರದಲ್ಲಿ, ಆ ಬಳಿಕ ಸ್ಪೀಕರ್ ತಂತಿಯ ಹತ್ತಿರ ಹಿಡಿದು ಕೇಳಬೇಕು. ಪೇಟೆಯಲ್ಲಿ ಗೋಪುರ ಹತ್ತಿರವಿದ್ದು ಫೋನು ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವುದರಿಂದ ಕರೆಯ ನಡುವಿನ ಶಬ್ದವನ್ನಷ್ಟೇ ಕೇಳಿ ತೀರ್ಮಾನಿಸಬಾರದು. ಕರೆ ಸೇರುವ ಆರಂಭದ ಕ್ಷಣದಲ್ಲಿ ಪೂರ್ಣ ಶಕ್ತಿಯ ಹೊಡೆತ ಎಲ್ಲಿಯಾದರೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಕರೆಯನ್ನು ಕಡಿದು ಮತ್ತೆ ಮತ್ತೆ ಮಾಡಿಸಿ ಆ ಮೊದಲ ಕ್ಷಣಕ್ಕೆ ಕಿವಿಗೊಡಬೇಕು.